ಪದಚರ್ಚೆ: ಆಟೋಕ್ಲೇವ್‌ಗೆ ಸಾಮಾನು ‘ತುಂಬುವುದೋ’ ‘ಜೋಡಿಸುವುದೋ’? ‘ಆಯ್ತು’ ಅಂದರೆ ಏನಾಯ್ತು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ.

ನಾನು ಒಂದು ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಒತ್ತಡದ ಹಬೆಯಲ್ಲಿ ಕ್ರಿಮಿ ಸಾಯಿಸುವ ಆಟೋಕ್ಲೇವ್ ನಡೆಸುವವರು ನಮ್ಮ ಇಬ್ಬರು ಅಟೆಂಡರ್‌ಗಳು. ಕೆಲಸ ಹೇಗೆ ಮಾಡಬೇಕು ಅಂತ ಹೇಳುವ, ಇಂಗ್ಲಿಷಿನಲ್ಲಿದ್ದ ಎಸ್‌ಒಪಿಯನ್ನು ಅವರಿಗಾಗಿ ನಾನೇ ಕನ್ನಡಕ್ಕೆ ತಂದು ಗೋಡೆಗೆ ಅಂಟಿಸಿದೆ. ಅದರಲ್ಲಿ ಎರಡು ಪದಗಳು ಕೈಕೊಟ್ಟಿವೆ ಅನ್ನಿಸುತ್ತಿದೆ.

ಮೊದಲನೆಯದು, ‘ಲೋಡ್ ಮಾಡು’ ಅನ್ನುವುದಕ್ಕೆ ನಾನು ಬರೆದದ್ದು ‘ಸಾಮಾನು ತುಂಬಿ’. ಎರಡನೆಯದು, ದಾಖಲೆ ಪುಸ್ತಕದ ಕೊನೆಯ ಕಾಲಂಗೆ ಕೊಟ್ಟ ಹೆಸರು ‘ಆಯ್ತು / ಆಗಿಲ್ಲ’.

ಹೋದ ತಿಂಗಳು ನಡೆದದ್ದು ಹೇಳುತ್ತೇನೆ. ಬಳಸಿ ಬಿಟ್ಟ ಪ್ಲೇಟ್‌ಗಳ ನಾಲ್ಕು ಚೀಲಗಳನ್ನು ಬಾಯಿ ಬಿಗಿದು ಕಟ್ಟಿ, ಬುಟ್ಟಿಯ ಅಂಚಿನವರೆಗೂ ಒತ್ತಿ ಇಟ್ಟಿದ್ದರು. ಮೇಲೆ ಉಳಿದ ಜಾಗಕ್ಕೆ ಕ್ರಿಮಿ ಬೆಳೆಸಲು ಬಳಸುವ ಮೀಡಿಯಾದ ಎರಡು ಫ್ಲಾಸ್ಕ್ ಸೇರಿಸಿದ್ದರು. ಪುಸ್ತಕದಲ್ಲಿ ನೀಟಾಗಿ ಬರೆದಿದ್ದಾರೆ: 121 ಡಿಗ್ರಿ, 15 ಪೌಂಡ್, 20 ನಿಮಿಷ, ಆಯ್ತು. ಚೀಲಕ್ಕೆ ಅಂಟಿಸಿದ, ಬಿಸಿ ಹಬೆಗೆ ಬಣ್ಣ ಬದಲಿಸುವ ಟೇಪಿನ ಮೇಲೆ ಕಪ್ಪು ಗೆರೆಯೂ ಬಂದಿತ್ತು. ಆದರೆ ಅವತ್ತು ನಾನು ನಡುವಿನ ಚೀಲದೊಳಗೆ ಸ್ಪೋರ್ ವಯಲ್ ಒಂದನ್ನು, ಅಂದರೆ ಕಾವಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ ಸ್ಪೋರ್ ಇರುವ ಪರೀಕ್ಷೆಯ ಪುಟ್ಟ ಸೀಸೆಯನ್ನು, ಇಟ್ಟಿದ್ದೆ. ಅದನ್ನು ತೆಗೆದು 56 ಡಿಗ್ರಿಯಲ್ಲಿ ಇನ್‌ಕ್ಯುಬೇಟ್ ಮಾಡಿದೆ. ಮಾರನೇ ದಿನ ನೇರಳೆ ಬಣ್ಣ ಹೋಗಿ ಹಳದಿಯಾಗಿತ್ತು. ಅಂದರೆ ಸ್ಪೋರ್‌ಗಳು ಬದುಕಿದ್ದವು.

ಕೇಳಿದರೆ ಅಟೆಂಡರ್ ಹೇಳಿದ್ದು ಇಷ್ಟೇ: “ತುಂಬಿ ಅಂತ ಬರೆದಿದ್ದೀರಲ್ಲ ಮೇಡಂ, ತುಂಬಿದೆ.” ಅವರ ತಪ್ಪಲ್ಲ. ತುಂಬಿದ ಚೀಲ ಅಂದರೆ ಇನ್ನು ಜಾಗ ಇಲ್ಲದ ಚೀಲ ತಾನೇ? ಈ ಜಾಗಕ್ಕೆ ಯಾವ ಪದ ಹಾಕಲಿ?

ಉತ್ತರ 1 (ಹಾವೇರಿಯಿಂದ)

ಮೇಡಂ, ‘ಹೇರಿ’ ಅಂತ ಬರೆಯಿರಿ. ಲೋಡಿಗೆ ನಮ್ಮ ಹಳೇ ಪದ ಅದೇ. ಬಂಡಿಗೆ ಹೇರುತ್ತೇವೆ, ಲಾರಿಗೆ ಹೇರುತ್ತೇವೆ. ಅಚ್ಚ ಕನ್ನಡ, ಎಲ್ಲರಿಗೂ ಗೊತ್ತು.

‘ಆಯ್ತು’ ಪದದಲ್ಲಿ ನನಗೆ ತಪ್ಪು ಕಾಣಿಸುತ್ತಿಲ್ಲ. ನನ್ನ ತಮ್ಮ ನರ್ಸಿಂಗ್ ಹೋಮ್‌ನಲ್ಲಿ ಇದೇ ಕೆಲಸ ಮಾಡುತ್ತಾನೆ. 15 ಪೌಂಡ್ ಬಂತು ಅಂದರೆ 121 ಡಿಗ್ರಿ ಬಂತು ಅಂತಲೇ ಲೆಕ್ಕ, ಟೇಪು ಕಪ್ಪಾದರೆ ಕೆಲಸ ಮುಗಿಯಿತು ಅನ್ನುತ್ತಾನೆ. ನಿಮ್ಮ ವಯಲ್ಲೇ ಕೆಟ್ಟಿರಬಹುದಲ್ವಾ?

ಉತ್ತರ 2 (ಶಿರಸಿಯಿಂದ)

ಎಷ್ಟು ಹೊತ್ತು ಇಡಬೇಕು ಅಂತ ತಾನೇ ಪ್ರಶ್ನೆ? ನಮ್ಮದು ಅಣಬೆ ಬೀಜದ ಕೆಲಸ. ಬೇಯಿಸಿದ ಜೋಳವನ್ನು ಚೀಲಕ್ಕೆ ಹಾಕಿ 15 ಪೌಂಡಿನಲ್ಲಿ ಒಂದೂವರೆ ಗಂಟೆ ಇಡುತ್ತೇವೆ. ಶುರುವಿನಲ್ಲಿ ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಎರಡು ಬ್ಯಾಚ್ ಹುಳಿ ವಾಸನೆ ಬಂದು ಹಾಳಾಯಿತು. ಚೀಲ ಮುಟ್ಟಿದರೆ ಹೊರಗೆ ಬಿಸಿ, ಆದರೆ ನಡುವಿನ ಕಾಳಿಗೆ ಕಾವು ತಲುಪಿರಲಿಲ್ಲ. ನೀವೂ ಹೊತ್ತು ಜಾಸ್ತಿ ಮಾಡಿ.

ಚೀಲ ಇಡುವುದಕ್ಕೆ ನಾವು ‘ಒಟ್ಟುವುದು’ ಅನ್ನುತ್ತೇವೆ.

ಉತ್ತರ 3 (ಮೈಸೂರಿನಿಂದ, ಪಾಠ ಹೇಳಿ ನಿವೃತ್ತಳಾದವಳು)

ಹೇರುವುದು, ಒಟ್ಟುವುದು ಎರಡೂ ಚೆಂದದ ಪದಗಳು. ಆದರೆ ಎರಡರಲ್ಲೂ ಒಂದರ ಮೇಲೊಂದು ಪೇರಿಸುವ ಅರ್ಥ ಇದೆ. ಇಲ್ಲಿ ಬೇಕಾದದ್ದು ಅದಕ್ಕೆ ಉಲ್ಟಾ. ಮನೆಯಲ್ಲಿ ಇಡ್ಲಿ ಪಾತ್ರೆಗೆ ತಟ್ಟೆ ತುಂಬುತ್ತೇವೆ ಅಂತ ಯಾರಾದರೂ ಅನ್ನುತ್ತಾರಾ? ತಟ್ಟೆ ಜೋಡಿಸುತ್ತೇವೆ. ಪ್ರತಿ ಇಡ್ಲಿಗೂ ಹಬೆ ತಾಗಬೇಕು ಅನ್ನುವುದು ಆ ಮಾತಿನೊಳಗೇ ಇದೆ. ಹಾಗಾಗಿ ‘ಹಬೆ ಆಡುವಂತೆ ಜೋಡಿಸಿ’ ಅಂತ ಬರೆಯಿರಿ. ‘ಆವಿ’ ಬೇಡ, ಅಡುಗೆಮನೆಯ ‘ಹಬೆ’ ಸಾಕು.

ಹಾವೇರಿಯವರು 15 ಪೌಂಡ್ ಅಂದರೆ 121 ಡಿಗ್ರಿ ಅಂದದ್ದು ಅರ್ಧ ಸರಿ. ಒಳಗೆ ಬರೀ ಹಬೆ ಇದ್ದಾಗ ಮಾತ್ರ ಆ ಲೆಕ್ಕ ನಡೆಯುತ್ತದೆ. ಗಾಳಿ ಉಳಿದಿದ್ದರೆ ಅದೂ ಒತ್ತಡ ಕೊಡುತ್ತದೆ, ಮುಳ್ಳು 15 ತೋರಿಸುತ್ತದೆ, ಆದರೆ ಕಾವು ಅಷ್ಟು ಏರಿರುವುದಿಲ್ಲ. ಅರ್ಧ ಗಾಳಿ ಹೊರಗೆ ಹೋಗದೆ ಉಳಿದರೆ ಅದೇ 15 ಪೌಂಡಿನಲ್ಲಿ ಸುಮಾರು 112 ಡಿಗ್ರಿ ಮಾತ್ರ ಸಿಗುತ್ತದೆ. ಅದಕ್ಕೇ ವಾಲ್ವ್ ತೆರೆದಿಟ್ಟು, ಗಾಳಿ ಬೆರೆತ ಹಬೆ ಬಿಟ್ಟು ಬಿಟ್ಟು ಬರುವುದು ನಿಂತು, ಒಂದೇ ಸಮನೆ ಹಬೆ ಹೊಮ್ಮಿದ ಮೇಲೆ ಮುಚ್ಚುವುದು.

ಇನ್ನು ಬಾಯಿ ಬಿಗಿದ ಚೀಲ. ಡ್ರಮ್ಮಿನ ಗಾಳಿಯನ್ನು ಎಷ್ಟು ಬಿಟ್ಟರೂ ಚೀಲದೊಳಗಿನ ಗಾಳಿ ಅಲ್ಲೇ ಉಳಿಯುತ್ತದೆ. ಡ್ರಮ್ಮಿನ ಮೀಟರು 121 ತೋರಿಸಿದ್ದು ಸುಳ್ಳಲ್ಲ, ಅದು ಚೀಲದ ನಡುವಿನ ಕಾವಲ್ಲ ಅಷ್ಟೇ. ಟೇಪ್ ಕೂಡ ಹೊರಗೆ ಅಂಟಿಸಿದ್ದು. ಈ ವಸ್ತು ಬಿಸಿ ಹಬೆಯ ಒಳಗೆ ಹೋಗಿ ಬಂದಿದೆ ಅನ್ನುವುದಷ್ಟನ್ನೇ ಅದು ಹೇಳುತ್ತದೆ.

ವಯಲ್ ಕೆಟ್ಟಿತ್ತೇ ಅನ್ನುವ ಅನುಮಾನ ಕೇಳಬೇಕಾದದ್ದೇ. ಆದರೆ ಕೆಟ್ಟ ವಯಲ್ ಸಾಮಾನ್ಯವಾಗಿ ಸ್ಪೋರ್ ಸತ್ತು ನೇರಳೆಯಾಗಿಯೇ ಉಳಿಯುತ್ತದೆ, ಹಳದಿಯಾಗುವುದಿಲ್ಲ. ಆಟೋಕ್ಲೇವ್‌ಗೆ ಹಾಕದ ಇನ್ನೊಂದು ವಯಲನ್ನು ಜೊತೆಗಿಟ್ಟಿದ್ದಿರಾ? ಅದು ಹಳದಿಯಾಗಲೇಬೇಕು. ಅದು ನೇರಳೆಯಾಗಿಯೇ ಇದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ.

ದಾವಣಗೆರೆಯಿಂದ ಮತ್ತೆ

ಇಟ್ಟಿದ್ದೆ ಮೇಡಂ, ಅದೂ ಹಳದಿಯಾಗಿತ್ತು. ಆಮೇಲೆ ಅವೇ ಚೀಲಗಳನ್ನು ಎರಡೆರಡಾಗಿ ಹಾಕಿದೆವು. ಬಾಯಿ ಸಡಿಲ ಬಿಟ್ಟು, ಚೀಲದೊಳಗೆ ಒಂದು ಲೋಟ ನೀರು ಹಾಕಿ, 45 ನಿಮಿಷ ಇಟ್ಟೆವು. ಮೀಡಿಯಾ ಸೇರಿಸಲಿಲ್ಲ. ಈ ಸಲ ಎರಡು ದಿನ ಕಾದರೂ ವಯಲ್ ನೇರಳೆಯಾಗಿಯೇ ಇತ್ತು. ಶಿರಸಿಯವರು ಹೊತ್ತಿನ ಬಗ್ಗೆ ಹೇಳಿದ್ದು ಚೀಲದ ಮಟ್ಟಿಗೆ ಸರಿ. ಆದರೆ ಮೀಡಿಯಾಕ್ಕೆ ಅಷ್ಟು ಹೊತ್ತು ಕೊಟ್ಟರೆ ಅದರ ಸಕ್ಕರೆ ಕಂದಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಎರಡನ್ನೂ ಒಟ್ಟಿಗೆ ಇಡಬಾರದು ಅಂತ ಈಗ ಬೇರೆಯೇ ಸಾಲು ಬರೆದಿದ್ದೇನೆ.

ಕಷ್ಟವಾದದ್ದು ಪುಸ್ತಕ ತಿರುಗಿಸಿದಾಗ. ಹಿಂದಿನ ಸ್ಪೋರ್ ಪರೀಕ್ಷೆ ಸರಿ ಬಂದ ದಿನದಿಂದ ಇಲ್ಲಿಯವರೆಗೆ ಹನ್ನೊಂದು ಸಲ ಓಡಿಸಿದ್ದಾರೆ. ಹನ್ನೊಂದಕ್ಕೂ ‘ಆಯ್ತು’ ಅಂತಿದೆ. ಯಾವುದರಲ್ಲಿ ಚೀಲ ಇತ್ತು, ಯಾವುದರಲ್ಲಿ ಮೀಡಿಯಾ ಇತ್ತು, ಎಷ್ಟು ಇತ್ತು, ಏನೂ ಬರೆದಿಲ್ಲ. ನಾನು ಆ ಕಾಲಂ ಕೊಟ್ಟಿರಲಿಲ್ಲ. ಅವರ ಪಾಲಿಗೆ ‘ಆಯ್ತು’ ಅಂದರೆ ಮಷೀನ್ ನಿಂತಿತು ಅಂತ. ನಾನು ಓದಿದ್ದು ಕ್ರಿಮಿ ಸತ್ತಿವೆ ಅಂತ.

ಉತ್ತರ 4 (ಮೈಸೂರಿನಿಂದ)

ಹಾಗಾದರೆ ಆ ಒಂದು ಪದವನ್ನು ಎರಡಾಗಿ ಸೀಳಿ. ಅಟೆಂಡರ್ ಬರೆಯುವುದು ‘ಓಟ ಮುಗಿದಿದೆ’. ಜೊತೆಗೆ ಓಟದ ನಂಬರು, ಒಳಗಿಟ್ಟದ್ದು ಏನು, 121 ಮುಟ್ಟಿದ ಗಂಟೆ, ಇಳಿಸಿದ ಗಂಟೆ. ಎಣಿಕೆ ಶುರುವಾಗುವುದು 121 ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದ ಅಲ್ಲ. ನಂಬರನ್ನು ಚೀಲದ ಮೇಲೂ ಬರೆಯಲಿ. ಬೇರೆ ಕಾಲಂನಲ್ಲಿ ನೀವು ‘ಬಳಸಬಹುದು’ ಅಥವಾ ‘ತಡೆದಿದೆ’ ಅಂತ ಬರೆದು ಸಹಿ ಹಾಕಿ. ಕರೆಂಟು ಹೋಗಿ ಕಾವು ನಡುವೆ ಇಳಿದರೆ ಉಳಿದ ನಿಮಿಷ ಸೇರಿಸುವುದಲ್ಲ, ಮೊದಲಿಂದ ಎಣಿಸಬೇಕು. ಆಗಲೂ ‘ತಡೆದಿದೆ’ ಅಂತಲೇ ಬರೆಯಲಿ.

ಉತ್ತರ 5 (ಹಾವೇರಿಯಿಂದ)

ಗಾಳಿಯ ವಿಷಯ ತಮ್ಮನಿಗೆ ಹೇಳಿದೆ. ಅವನು ವಾಲ್ವ್ ಬಿಡುತ್ತಾನಂತೆ, ಆದರೆ ಯಾಕೆ ಅಂತ ಗೊತ್ತಿರಲಿಲ್ಲ. ‘ಹೇರಿ’ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ‘ತಡೆದಿದೆ’ ನನಗೆ ಹಿಡಿಸಲಿಲ್ಲ. ಯಾರು ತಡೆದರು ಅಂತ ಕೇಳುತ್ತಾರೆ. ಸುಮ್ನೆ ‘ಫೇಲ್’ ಅಂದರೆ ಏನು ತಪ್ಪು?

ದಾವಣಗೆರೆಯಿಂದ

ಅದನ್ನೂ ಯೋಚಿಸಿದೆ ಸರ್. ‘ಫೇಲ್’ ಅಂದರೆ ನಮ್ಮ ಹುಡುಗರು ಮಷೀನ್ ಕೆಟ್ಟಿದೆ ಅಂತ ಮೆಕ್ಯಾನಿಕ್‌ನನ್ನು ಕರೆಯುತ್ತಾರೆ. ಮಷೀನ್ ಚೆನ್ನಾಗಿಯೇ ಇತ್ತು, ಜೋಡಿಸಿದ್ದು ತಪ್ಪಿತ್ತು. ಇನ್ನೊಂದು ಭಯವೂ ಇದೆ. ‘ಫೇಲ್’ ಅಂತ ತನ್ನ ಕೈಯಲ್ಲೇ ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಸದ್ಯಕ್ಕೆ ಗೋಡೆಯ ಮೇಲೆ ಹೀಗೆ ಅಂಟಿಸಿದ್ದೇನೆ: “ಚೀಲದ ಬಾಯಿ ಸಡಿಲ ಬಿಡಿ. ಹಬೆ ಆಡುವಂತೆ ಜೋಡಿಸಿ, ಎರಡು ಚೀಲಕ್ಕಿಂತ ಜಾಸ್ತಿ ಬೇಡ.” ಕೊನೆಯ ಕಾಲಂನಲ್ಲಿ ‘ತಡೆದಿದೆ’ ಅನ್ನುವುದನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಬೀದರ್, ಮಂಗಳೂರು ಕಡೆಯವರು ‘ಬಳಸದೆ ಪಕ್ಕಕ್ಕಿಟ್ಟದ್ದು’ ಅನ್ನುವುದಕ್ಕೆ ಒಂದೇ ಪದದಲ್ಲಿ ಏನನ್ನುತ್ತೀರಿ?