ಅಪ್‌ಡೇಟ್: ಫಿಟ್‌ನೆಸ್ ಬ್ಯಾಂಡ್ ತೋರಿಸಿದ 162 ನನ್ನ ಎದೆಬಡಿತ ಆಗಿರಲೇ ಇಲ್ಲ

ನಾನು ಕೇಳಿದ್ದು: "ವಯಸ್ಸು 34, ಈಗಷ್ಟೇ ಓಡೋಕೆ ಶುರು ಮಾಡಿದ್ದೇನೆ. ನಿಧಾನಕ್ಕೆ ಓಡಿದರೂ 28 ನಿಮಿಷ ಝೋನ್ 4, ಡೀಪ್ ಸ್ಲೀಪ್ 52 ನಿಮಿಷ, ರಿಕವರಿ 31. ಓಡೋದು ನಿಲ್ಲಿಸಲಾ?"

ನಿಲ್ಲಿಸಲಿಲ್ಲ. ಓಡುವಾಗ ಆರಾಮಾಗಿ ಮಾತಾಡ್ತೀಯಾ ಅಂತ ಒಬ್ಬರು ಕೇಳಿದ್ದರಲ್ಲ, ಅಲ್ಲೇ ಸುಳಿವು ಸಿಕ್ಕಿತು. ನಾನು ಆರಾಮಾಗೇ ಮಾತಾಡ್ತಿದ್ದೆ, ಆದ್ರೆ ಝೋನ್ 4ರಲ್ಲಿ, ಅಂದ್ರೆ ಎದೆಬಡಿತ ಗರಿಷ್ಠದ ಶೇ. 80ರಿಂದ 90 ಇರುವಾಗ, ಎರಡು ಮೂರು ಪದಕ್ಕಿಂತ ಜಾಸ್ತಿ ಬಾಯಿಂದ ಬರಲ್ಲ. ಮರುದಿನ ಬ್ಯಾಂಡ್ 162 ತೋರಿಸುತ್ತಿದ್ದಾಗಲೇ ನಿಂತು ಕತ್ತಿನ ಪಕ್ಕ ಎರಡು ಬೆರಳಿಟ್ಟು ಎಣಿಸಿದೆ. 15 ಸೆಕೆಂಡಿಗೆ 33, ಅಂದ್ರೆ ನಿಮಿಷಕ್ಕೆ 132. 220ರಲ್ಲಿ ವಯಸ್ಸು ಕಳೆದರೆ ನನ್ನ ಗರಿಷ್ಠ ಸುಮಾರು 186, ಅದರಲ್ಲಿ 132 ಅಂದ್ರೆ ಶೇ. 71, ಝೋನ್ 3ರ ಶುರು ಅಷ್ಟೇ.

ಹಾಗಾದ್ರೆ 162 ಎಲ್ಲಿಂದ ಬಂತು? ಹೆಜ್ಜೆ ಎಣಿಸಿದೆ, ನಿಮಿಷಕ್ಕೆ ಹತ್ತಿರ ಹತ್ತಿರ 160! ಬ್ಯಾಂಡ್ ಸಡಿಲ ಇದ್ದರೆ ಕೈ ಅಲುಗಾಟವನ್ನೇ ಎದೆಬಡಿತ ಅಂತ ಓದಿಬಿಡುತ್ತದೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ, ಒಂದು ತೂತು ಬಿಗಿ ಮಾಡಿದೆ. ಈಗ 130ರ ಆಸುಪಾಸು ಬರುತ್ತಿದೆ.

ನಿದ್ದೆ ಒಟ್ಟು 6 ಗಂಟೆ 40 ನಿಮಿಷ ಇತ್ತು, ಅದರಲ್ಲಿ 52 ನಿಮಿಷ ಅಂದ್ರೆ ಶೇ. 13, ಗಾಬರಿ ಬೀಳುವಂಥದ್ದಲ್ಲ. ಅದೂ ಅಂದಾಜೇ, ಬ್ಯಾಂಡ್ ಮೆದುಳಿನ ಅಲೆ ನೋಡಲ್ಲ, ಅಲುಗಾಟ ಮತ್ತು ನಾಡಿ ಮಾತ್ರ ನೋಡುತ್ತೆ. ರಿಕವರಿ ಅಂದ್ರೆ ದೇಹ ಎಷ್ಟು ಚೇತರಿಸಿಕೊಂಡಿದೆ ಅನ್ನೋ ಅಂಕಿ, ಅದರ ಲೆಕ್ಕ ನಮ್ಮದೇ ಹಿಂದಿನ ದಿನಗಳ ಜೊತೆ ಹೋಲಿಸಿ ಬರುವಂಥದ್ದು, ನಾನು ಬ್ಯಾಂಡ್ ಕಟ್ಟಿ ಆಗ ಬರೀ 5 ದಿನ ಆಗಿತ್ತು. ಕೆಲವು ವಾರ ಕಳೆಯುವವರೆಗೂ ಆ ಅಂಕಿ ನೋಡಿ ಏನೂ ಬದಲಾಯಿಸಲ್ಲ.