ಸಹಾಯ ಬೇಕು: ನನ್ನ ಪಬ್ಲಿಕ್ ಫೋಟೋಗಳಿಂದ ಮುಖ ಎತ್ತಿಕೊಳ್ಳುವುದನ್ನು ಕಡಿಮೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಗೆಳತಿಗೆ ಒಂದು ಫೋಟೋ ಬಂತು. ಮೈ ಯಾರದ್ದೋ, ಮುಖ ನನ್ನದು. ಕಿವಿಯ ಹತ್ತಿರ ಚರ್ಮದ ಬಣ್ಣ ಸ್ವಲ್ಪ ಬೇರೆ, ಆದರೆ ನಗು ನನ್ನದೇ. ನನ್ನ ಹಳೆಯ ಪ್ರೊಫೈಲ್ ಫೋಟೋದಿಂದಲೇ ತೆಗೆದಿದ್ದು. ನೇರ ನೋಟ, ಒಳ್ಳೆ ಬೆಳಕು, ಮುಖಕ್ಕೆ ಏನೂ ಅಡ್ಡ ಇಲ್ಲ. ಅವರಿಗೆ ಬೇಕಾಗಿದ್ದೂ ಅದೇ ಅಲ್ವಾ?

ಲಿಂಕ್, ಸ್ಕ್ರೀನ್‌ಶಾಟ್ ಎತ್ತಿಟ್ಟು ರಿಪೋರ್ಟ್ ಮಾಡಿದ್ದೇನೆ. ಹಳೆಯ ಆಲ್ಬಂಗಳನ್ನೆಲ್ಲ ಸ್ನೇಹಿತರಿಗೆ ಮಾತ್ರ ಕಾಣುವಂತೆ ಮಾಡಿದೆ. ಪ್ರೊಫೈಲ್‌ಗೆ ಈಗ ದೂರದಿಂದ ತೆಗೆದ, ಪಕ್ಕಕ್ಕೆ ತಿರುಗಿದ ಫೋಟೋ. ಮೊದಲು ಸುಮ್ನೆ ಸೈಜ್ ಇಳಿಸಿ ನೋಡಿದ್ದೆ. ಆದರೆ ಕೆಲವು ಸ್ವಾಪ್ ಟೂಲ್‌ಗಳು ಮುಖವನ್ನು 128 ಪಿಕ್ಸೆಲ್‌ಗೆ ಇಳಿಸಿಯೇ ಕೆಲಸ ಮಾಡುತ್ತವೆ, ಅದೂ ಒಂದೇ ಫೋಟೋ ಸಾಕು. ಮೂಲೆಯಲ್ಲಿ ಹೆಸರು ಬರೆದರೂ ಕತ್ತರಿಸಿಬಿಡುತ್ತಾರೆ.

ಈಗ ಎರಡು ತಲೆನೋವು ಉಳಿದಿದೆ. ಅಳಿಸಿದ ಫೋಟೋ ಗೂಗಲ್ ಸರ್ಚ್‌ನಲ್ಲಿ ಇನ್ನೂ ಚಿಕ್ಕದಾಗಿ ಕಾಣುತ್ತಿದೆ. Refresh Outdated Content ಪುಟದಲ್ಲಿ ಯಾರಾದರೂ ಕೋರಿಕೆ ಹಾಕಿದ್ದೀರಾ? ಚಿತ್ರದ ಲಿಂಕ್ ಕೊಡಬೇಕೋ, ಅದು ಇದ್ದ ಪುಟದ್ದೋ?

ಇನ್ನೊಂದು, ಬೇರೆಯವರು ಹಾಕಿದ ಗುಂಪು ಫೋಟೋಗಳು. ಟ್ಯಾಗ್ ತೆಗೆದರೂ ಅವು ಅವರ ಪುಟದಲ್ಲಿ ಪಬ್ಲಿಕ್ ಆಗಿಯೇ ಇರುತ್ತವೆ. ಬೇಜಾರಾಗದಂತೆ ಹೇಗೆ ತೆಗೆಸಿದಿರಿ?