ಮೂರನೇ ವಾರಕ್ಕೇ ‘ನೀವು ಸ್ವಲ್ಪ ಜಾಸ್ತಿ ಜೋರು’ ಅಂದರು

ಸಂಧ್ಯಾ: ಹೊಸ ಕೆಲಸಕ್ಕೆ ಸೇರಿ ಮೂರು ವಾರ. ಮ್ಯಾನೇಜರ್ ಕರೆದು "ಮೀಟಿಂಗ್‌ನಲ್ಲಿ ನೀವು ಜಾಸ್ತಿ ಜೋರು ಅನ್ನಿಸುತ್ತೀರಿ" ಅಂದರು. ನಾನು ಅಲ್ಲೇ ಹತ್ತು ನಿಮಿಷ ಸಮಜಾಯಿಷಿ ಕೊಟ್ಟೆ, ಈಗ ನಾಚಿಕೆ ಆಗುತ್ತಿದೆ. ತಮಾಷೆ ಅಂದರೆ ಹಿಂದಿನ ಕೆಲಸದಲ್ಲಿ "ಯಾರ ಜೊತೆಗೂ ಬೆರೆಯಲ್ಲ" ಅಂದಿದ್ದರು. ಇಂಥ ಮಾತನ್ನು ನೀವು ಹೇಗೆ ತಗೊಂಡಿರಿ?

ಗಿರೀಶ: ಎರಡು ವಾರ ಬಾಯಿ ಮುಚ್ಚಿಕೊಂಡು ಇರಿ. ಕೇಳಿದರೆ ಮಾತ್ರ ಉತ್ತರ. ನಾನು ಹಾಗೇ ಮಾಡಿದ್ದು, ದೂರು ನಿಂತಿತು.

ವಸುಧಾ: ಗಿರೀಶ್, ದೂರು ನಿಲ್ಲುತ್ತದೆ ನಿಜ. ಆದರೆ ಮೂರನೇ ವಾರಕ್ಕೆ "ಇವರಿಗೆ ಆಸಕ್ತಿ ಇಲ್ಲ" ಅನ್ನುವ ಹೊಸ ದೂರು ಬರುತ್ತದೆ. ಸಂಧ್ಯಾ ಅವರಿಗೆ ಎರಡೂ ಕಡೆಯ ಮಾತು ಬಂದಿರುವುದು ಹೀಗೇ ಇರಬಹುದು.

ನಾನು ಹನ್ನೊಂದು ವರ್ಷದಿಂದ ಟೀಮ್ ನೋಡಿಕೊಳ್ಳುತ್ತಿದ್ದೇನೆ, ಇಂಥ ಮಾತು ಹೇಳಿದ್ದೂ ಉಂಟು, ಕೇಳಿದ್ದೂ ಉಂಟು. ‘ಜೋರು’ ಅನ್ನುವುದು ಒಂದು ಅನಿಸಿಕೆ ಅಷ್ಟೇ, ಅದನ್ನು ಹಿಡಿದುಕೊಂಡು ತಿದ್ದಿಕೊಳ್ಳೋಕೆ ಆಗಲ್ಲ. ಅದರ ಹಿಂದೆ ಕಣ್ಣಿಗೆ ಕಾಣುವ ಕೆಲಸ ಏನು ಅಂತ ಹುಡುಕಬೇಕು. ನನ್ನ ಟೀಮ್‌ಗೆ ಸೇರಿದ ಒಬ್ಬರಿಗೆ ಇದೇ ಮಾತು ಹೇಳಿದೆ. ಅವರು "ಸರಿ, ಯೋಚಿಸಿ ಹೇಳ್ತೀನಿ" ಅಂದು ಎದ್ದು ಹೋದರು. ಮಾರನೇ ದಿನ ಬಂದು ಒಂದೇ ಪ್ರಶ್ನೆ ಕೇಳಿದರು: "ಕಳೆದ ವಾರ ಯಾವ ಮೀಟಿಂಗ್‌ನಲ್ಲಿ, ನಾನು ಏನು ಮಾಡಿದಾಗ ಹಾಗನ್ನಿಸಿತು?" ಆಗ ನಾನೂ ನಿಜವಾಗಿ ಯೋಚಿಸಬೇಕಾಯಿತು ನೋಡಿ. ಅವರ ದನಿ ಜೋರಾಗಿರಲೇ ಇಲ್ಲ. ಬೇರೆಯವರ ವಾಕ್ಯ ಮುಗಿಯುವ ಮೊದಲೇ ಅದನ್ನು ಇವರು ಮುಗಿಸುತ್ತಿದ್ದರು, ಅಷ್ಟೇ. ಜೊತೆಗೆ ಯಾರೇ ಒಂದು ಸಾಲು ಬರೆದರೂ ಎಂಟು ಸಾಲಿನ ಉತ್ತರ ಕಳಿಸುತ್ತಿದ್ದರು.

ಅವರು ಮೊದಲನೆಯದನ್ನು ಮಾತ್ರ ಬದಲಾಯಿಸಿದರು. ಎದುರಿನವರು ನಿಲ್ಲಿಸಿದ ಮೇಲೆ ಒಂದು ಉಸಿರು ಬಿಟ್ಟು ಮಾತು. ಮೂರು ವಾರ ಆದ ಮೇಲೆ "ಈಗ ಹೇಗಿದೆ?" ಅಂತ ಅವರೇ ಬಂದು ಕೇಳಿದರು. ಉದ್ದ ಉತ್ತರಗಳು ಹಾಗೇ ಇದ್ದವು, ಆದರೆ ಅದರ ಬಗ್ಗೆ ಆಮೇಲೆ ಯಾರೂ ತಕರಾರು ಮಾಡಲಿಲ್ಲ! ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ಮಂಜುಳಾ: ಅಯ್ಯೋ, ನನಗೆ ಎರಡನೇ ಭೇಟಿಯಲ್ಲೇ ಹುಡುಗ "ನೀನು ತುಂಬಾ ಸೀರಿಯಸ್" ಅಂದ. ಮದುವೆ ಆದ ಮೇಲೆ ಮಕ್ಕಳು ಎಷ್ಟು ಅಂತ ಕೇಳಿದ್ದೆ. ಅವನನ್ನು ಬಿಟ್ಟುಬಿಡಿ ಸಂಧ್ಯಾ.

ಗಿರೀಶ: ಮ್ಯಾನೇಜರ್ ಅನ್ನೇ ಬಿಡಬೇಕಾ? 😄

ಇಮ್ರಾನ್: ನನ್ನದು ಉಲ್ಟಾ ಕೇಸ್. "ದೂರ ದೂರ ಇರ್ತೀರಿ" ಅಂದಾಗ ತುಂಬಾ ನೋವಾಯಿತು, ಯಾಕಂದರೆ ನಾನು ಎಲ್ಲರ ಮಾತನ್ನೂ ಬರೆದುಕೊಳ್ಳುವಷ್ಟು ಗಮನ ಕೊಡುತ್ತಿದ್ದೆ. ಬರೆಯುವಾಗ ತಲೆ ತಗ್ಗಿಸಿರುತ್ತಿದ್ದೆ, ಮುಖ ಯಾರಿಗೂ ಕಾಣುತ್ತಿರಲಿಲ್ಲ! ನಮ್ಮ ಮನಸ್ಸಿನಲ್ಲಿ ಇರುವುದು ಎದುರಿನವರಿಗೆ ಕಾಣುತ್ತದೆ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಈಗ ನಡುನಡುವೆ ತಲೆ ಎತ್ತಿ "ಇದನ್ನ ಬರ್ಕೊಳ್ತಿದ್ದೀನಿ" ಅನ್ನುತ್ತೇನೆ. ಹಾಗಂತ ಹರಟೆಗೆ ಕೂರಲು ನನಗೆ ಇವತ್ತಿಗೂ ಬರಲ್ಲ.

ವಸುಧಾ: ಇನ್ನೊಂದು ಸೇರಿಸ್ತೀನಿ. ಡೆಬೊರಾ ಟ್ಯಾನನ್ ಅನ್ನುವ ಭಾಷಾತಜ್ಞೆ ಸ್ನೇಹಿತರ ಊಟದ ಮೇಜಿನ ಮಾತುಕತೆ ರೆಕಾರ್ಡ್ ಮಾಡಿ, ಒಂದೊಂದು ಮಾತನ್ನೂ ಬಿಡಿಸಿ ನೋಡಿದರು. ಕೆಲವರಿಗೆ ಮಾತಿನ ಮೇಲೆ ಮಾತು ಹಾಕುವುದೇ ‘ನಾನು ಕೇಳಿಸಿಕೊಳ್ತಿದ್ದೀನಿ’ ಅನ್ನುವ ಗುರುತು. ಉಳಿದವರು ಜಾಗ ಸಿಗಲಿ ಅಂತ ಕಾಯುತ್ತಾರೆ, ಆ ಜಾಗ ಬರುವುದೇ ಇಲ್ಲ. ಅಂದರೆ ಇಬ್ಬರದೂ ತಪ್ಪಲ್ಲ, ಕಾಯುವ ಹೊತ್ತು ಬೇರೆ ಬೇರೆ. ಹಿಂದಿನ ಟೀಮ್‌ನವರು ನಿಮಗಿಂತ ವೇಗ, ಈಗಿನವರು ನಿಧಾನ ಇರಬಹುದು ಸಂಧ್ಯಾ.

ಇಮ್ರಾನ್: ಆದರೆ ಒಬ್ಬರೇ ಹೇಳಿದ್ದಕ್ಕೆ ಇಷ್ಟೆಲ್ಲ ಬದಲಾಗಬೇಕಾ? ನಾನು ಇನ್ನೊಬ್ಬರನ್ನೂ ಕೇಳಿ ಆಮೇಲೆ ನಂಬಿದೆ.

ವಸುಧಾ: ಕೇಳಬಹುದು. ಆದರೆ ಮೂರೇ ವಾರದಲ್ಲಿ ನಾಲ್ಕು ಜನರ ಹತ್ತಿರ "ನಾನು ಜೋರಾ?" ಅಂತ ಕೇಳಿಕೊಂಡು ಓಡಾಡಿದರೆ ಅದೇ ಜೋರು ಅನ್ನಿಸುತ್ತದೆ ಅಲ್ವಾ?

ಇಮ್ರಾನ್: ನಾಲ್ಕಲ್ಲ, ಒಬ್ಬರು ಅಂದೆ. ನನಗೆ ಅದು ಉಪಯೋಗಕ್ಕೆ ಬಂತು.

ಸಂಧ್ಯಾ: ಹಿಂದಿನ ಕಡೆ ನಿಜಕ್ಕೂ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನಾನು ಕಾಯುತ್ತಾ ಕೂರುತ್ತಿದ್ದೆ! ಇಲ್ಲಿ ಅದು ಮರುಕಳಿಸಬಾರದು ಅಂತ ಮೊದಲ ದಿನದಿಂದಲೇ ನುಗ್ಗಿದೆ. ಸರಿ, ಯಾವ ಮೀಟಿಂಗ್ ಅಂತ ನಾಳೆ ಕೇಳ್ತೀನಿ. ಆ ಹತ್ತು ನಿಮಿಷದ ಸಮಜಾಯಿಷಿಗೆ ಏನು ಮಾಡಲಿ?

ವಸುಧಾ: "ಅವತ್ತು ನಾನೇ ಮಾತಾಡಿಬಿಟ್ಟೆ, ನಿಮ್ಮ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ" ಅನ್ನಿ. ಇಷ್ಟೇ. ಯಾಕೆ ಹಾಗೆ ಮಾತಾಡಿದೆ ಅಂತ ಮತ್ತೆ ಶುರು ಮಾಡಬೇಡಿ.

ಗಿರೀಶ: ಅದಕ್ಕೇ ನಾನು ಬಾಯಿ ಮುಚ್ಚಿ ಅಂದಿದ್ದು.